ಮೂರು ಕುರ್ಚಿ ಆಚೆ

ಚಿಂಬೋತೆ ಬಂದರಿನಲ್ಲಿ ಆಂಚೊವೆತಾ ಮೀನಿಗೆ ನಿಷೇಧ ಬಿತ್ತೆಂದರೆ ದೋಣಿಗಳಿಗೆ ಲಂಗರು, ಗಂಡಸರಿಗೆ ಕುರ್ಚಿ. ಸಮುದ್ರಕ್ಕೆ ಹೋಗುವಂತಿಲ್ಲ, ಮನೆಯಲ್ಲಿ ಕೂತರೆ ಹೆಂಡತಿ ಸುಮ್ಮನಿರುವುದಿಲ್ಲ. ಹಾಗಾಗಿ ಬೆಳಗ್ಗೆ ಹತ್ತು ಗಂಟೆಗೆಲ್ಲ 'ಸಾಂತಾ ಎದುವಿಹೆಸ್' ದೋಣಿಯ ಅರ್ಧ ಜನ ದೋನ್ಯಾ ಫ್ಲೋರ್ಮಿರಾಳ ಇಂಟರ್ನೆಟ್ ಅಂಗಡಿಯಲ್ಲಿ ಹಾಜರು. ಹನ್ನೆರಡು ಕಂಪ್ಯೂಟರ್, ಎರಡು ಫ್ಯಾನು, ಅದರಲ್ಲಿ ತಿರುಗುವುದು ಒಂದು. ಬಲೆ ಎಳೆದು ಎಳೆದು ಗಂಟು ಗಂಟಾದ ಬೆರಳುಗಳು ಅಲ್ಲಿ ಮೌಸ್ ಹಿಡಿದು ನಕ್ಷತ್ರಗಳ ನಡುವೆ ಸರಕು ಸಾಗಿಸುತ್ತಿದ್ದವು.

ಆಟದ ಹೆಸರು 'ಲಾರ್ಗಾ ಓರ್ಬಿತಾ'. ಅದರಲ್ಲಿ ಗೆಲ್ಲುವುದು ಅಂತ ಏನೂ ಇಲ್ಲ. ಒಂದು ಪುಟ್ಟ ಹಡಗು ಕೊಡುತ್ತಾರೆ, ಎಂಟು ಟನ್ ಹಿಡಿಸುವಂಥದ್ದು. ಅಗ್ಗವಾಗಿ ಸಿಗುವಲ್ಲಿ ಕೊಂಡು, ಬೇಕಿರುವಲ್ಲಿ ಮಾರಿ, ಬಂದ ಲಾಭದಲ್ಲಿ ಎಂಜಿನ್ ಬದಲಿಸಿ, ಆಮೇಲೆ ಹಡಗನ್ನೇ ಬದಲಿಸಿ, ಇನ್ನೂ ದೂರ ಹೋಗುವುದು. ವರ್ಷವಿಡೀ ಮೀನು ಸಾಗಿಸುವವರು ಬಿಡುವಾದಾಗಲೂ ಸರಕನ್ನೇ ಸಾಗಿಸುತ್ತಾರಲ್ಲ ಎಂದು ಫ್ಲೋರ್ಮಿರಾ ತಲೆ ಚಚ್ಚಿಕೊಳ್ಳುತ್ತಿದ್ದಳು. ಚಚ್ಚಿಕೊಂಡೇ ಗಂಟೆಯ ಲೆಕ್ಕ ಹಾಕುತ್ತಿದ್ದಳು.

ಎದಿಲ್ಬೆರ್ತೊ ದೋಣಿಯಲ್ಲಿ ಬಲೆ ಎತ್ತುವ ಯಂತ್ರದ ಆಳು, ಆಟದಲ್ಲಿ ಎಲ್ಲರಿಗಿಂತ ದೊಡ್ಡ ಸರಕು ಹಡಗಿನ ಒಡೆಯ. ಇನ್ನೂರು ಟನ್ನಿನ ಹಡಗು. ಆರು ವರ್ಷದ ದುಡಿಮೆ. ಅವನು ಕೂರುವುದು ಯಾವಾಗಲೂ ನಾಲ್ಕನೇ ಕುರ್ಚಿಯಲ್ಲಿ. ಈ ಸಲದ ನಿಷೇಧದಲ್ಲಿ ಎಂಟನೇ ಕುರ್ಚಿಗೆ ಒಬ್ಬ ಹೊಸಬ ಬಂದ. ಹೊಸಬನೆಂದರೆ ಅರವತ್ತಮೂರರ ಹೊಸಬ: ದೋಣಿಯ ಅಡುಗೆಯವ, ದೋನ್ ನಿಕಾನೋರ್. ಎದಿಲ್ಬೆರ್ತೊನ ಮಗಳಿಗೆ ಜ್ಞಾನಸ್ನಾನದಲ್ಲಿ ತಲೆಯ ಕೆಳಗೆ ಕೈ ಹಿಡಿದವನು. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕಂಪಾದ್ರೆ. ಅದು ರಕ್ತಕ್ಕಿಂತ ಒಂದು ಕೈ ಮೇಲಿನ ನಂಟು.

"ಕಂಪಾದ್ರೆ, ಎಂಟು ಟನ್ ಅಂದ್ರೆ ನನ್ನ ಅಡುಗೆಮನೇಲೇ ಹಿಡಿಸುತ್ತೆ. ಇದನ್ನ ಹಡಗು ಅಂತೀರಲ್ಲ, ನಾಚಿಕೆ ಆಗಲ್ವ ನಿಮಗೆ?" ಎಂದು ಮೊದಲ ದಿನವೇ ಮುದುಕ ಗದರಿದ್ದ.

ಆದರೆ ಕಲಿತ. ಮೂವತ್ತು ವರ್ಷ ಮಾರುಕಟ್ಟೆಯಲ್ಲಿ ಈರುಳ್ಳಿ, ಯೂಕಾ ಗೆಡ್ಡೆ ಚೌಕಾಸಿ ಮಾಡಿದವನಿಗೆ ವ್ಯಾಪಾರ ಹೇಳಿಕೊಡಬೇಕಾಗಿರಲಿಲ್ಲ. ಗಣಿ ನಿಲ್ದಾಣದಲ್ಲಿ ಯಂತ್ರದ ಬಿಡಿಭಾಗ ಕೊಂಡು ಬೇಸಾಯದ ಗ್ರಹಕ್ಕೆ ಒಯ್ಯುವುದು, ಅಲ್ಲಿಂದ ಧಾನ್ಯ ತುಂಬಿಕೊಂಡು ಗಣಿಗೆ ಮರಳುವುದು, ಖಾಲಿ ಹೊಟ್ಟೆಯಲ್ಲಿ ಒಂದು ಸುತ್ತೂ ತಿರುಗದಿರುವುದು: ಇಷ್ಟನ್ನು ಎರಡೇ ದಿನದಲ್ಲಿ ತಾನಾಗಿ ಕಂಡುಕೊಂಡ. ಒಂದೇ ಊರಿಗೆ ಒಂದೇ ಸರಕು ಸುರಿದರೆ ಬೆಲೆ ಇಳಿಯುತ್ತದೆಂದು ಎದಿಲ್ಬೆರ್ತೊ ಹೇಳಹೋದರೆ, "ಅದನ್ನ ನಂಗೆ ಹೇಳ್ತೀಯಾ? ಸೋಮವಾರ ಎಲ್ರೂ ಟೊಮ್ಯಾಟೊ ತಂದ್ರೆ ಏನಾಗುತ್ತೆ ಅಂತ ನಂಗೊತ್ತಿಲ್ವ?" ಎಂದ. ತುಂಬಿದ ಹಡಗು ಖಾಲಿ ಹಡಗಿನಷ್ಟು ದೂರ ಜಿಗಿಯುವುದಿಲ್ಲ, ಅದಕ್ಕೇ ಮೊದಲು ಎಂಜಿನ್‌ಗೆ ಖರ್ಚು ಮಾಡಬೇಕು, ಸರಕಿನ ಕೋಣೆ ಆಮೇಲೆ ಎಂಬುದನ್ನು ಮಾತ್ರ ಕೈಹಿಡಿದು ಕಲಿಸಬೇಕಾಯಿತು. ಕಲಿತದ್ದನ್ನೆಲ್ಲ ಮುದುಕ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ. ದೋಣಿಗೆ ಎಷ್ಟು ಅಕ್ಕಿ, ಎಷ್ಟು ಎಣ್ಣೆ ಎಂದು ಬರೆಯುವ ಅದೇ ನೋಟ್‌ಬುಕ್ಕು, ಹಿಂದಿನಿಂದ ಶುರು ಮಾಡಿ.

ಎರಡು ತಿಂಗಳು ಎಂಟು ಟನ್, ಎಂಟು ಟನ್ ಎಂದು ಇರುವೆಯ ಹಾಗೆ ಹೊತ್ತು ಕೊನೆಗೊಂದು ದಿನ ಅವನು ಅರವತ್ತನಾಲ್ಕು ಟನ್ನಿನ ಹಡಗು ಕೊಂಡ. ಅದಕ್ಕೆ 'ಲಾ ಓಲ್ಯಾ' ಎಂದು ಹೆಸರಿಟ್ಟ. ಪಾತ್ರೆ. ಇಡೀ ಅಂಗಡಿ ಬಿದ್ದು ಬಿದ್ದು ನಕ್ಕಿತು.

"ನಗ್ರಪ್ಪಾ ನಗಿ," ಎಂದ ನಿಕಾನೋರ್. "ಮೂವತ್ತು ವರ್ಷದಿಂದ ನಿಮ್ಮೆಲ್ಲರ ಹೊಟ್ಟೆ ತುಂಬಿಸಿರೋದು ಪಾತ್ರೇನೇ."

ಅವತ್ತು ಎದಿಲ್ಬೆರ್ತೊ ಅವನ ಪಕ್ಕ ನಿಂತು ಹಡಗಿಗೆ ಏನೇನು ಹಾಕಿಸಬೇಕೆಂದು ನೋಡುತ್ತಿದ್ದ. ರಕ್ಷಾಕವಚದ ಜಾಗದಲ್ಲಿ ಇನ್ನೊಂದು ಸರಕಿನ ಕಪಾಟು ಹಾಕಿಸಿದರೆ ಹದಿನಾರು ಟನ್ ಜಾಸ್ತಿ ಹಿಡಿಸುತ್ತದೆ. ಎಂಬತ್ತು ಟನ್! ಮುದುಕನ ಕಣ್ಣು ಅರಳಿತು.

"ಒಂದೇ ಒಂದು ಸುತ್ತು, ಕಂಪಾದ್ರೆ. ಆ ಲಾಭದಲ್ಲಿ ಕವಚ ವಾಪಸ್ ಹಾಕಿಸ್ತೀನಿ."

ಬೇಡ ಎನ್ನಬೇಕಿತ್ತು. ಹಡಗು ಒಡೆದರೆ ಅದರ ಬೆಲೆಯ ಇಪ್ಪತ್ತರಲ್ಲೊಂದು ಪಾಲು ಕಟ್ಟಿ ವಾಪಸ್ ಪಡೆಯಬಹುದು, ಆ ಪಾಲನ್ನು ಯಾವತ್ತೂ ಮುಟ್ಟದೆ ಎತ್ತಿಡಬೇಕು, ಅದಿಲ್ಲದೆ ನಿಲ್ದಾಣ ಬಿಟ್ಟು ಒಂದಡಿ ಕದಲಬಾರದು ಎನ್ನಬೇಕಿತ್ತು. ಮುದುಕ ಉಳಿದ ಕೊನೆಯ ಕಾಸನ್ನೂ ಸರಕಿಗೆ ಸುರಿಯುತ್ತಿರುವುದು ಎದಿಲ್ಬೆರ್ತೊನ ಕಣ್ಣೆದುರಿಗೇ ಇತ್ತು. ಆದರೆ ಅವನ ಸ್ವಂತ ಹಡಗು ನಿಲ್ದಾಣದಲ್ಲಿ ಕಾಯುತ್ತಿತ್ತು, ಹೊಟ್ಟೆಯಲ್ಲಿ ಇನ್ನೂರು ಟನ್ ಅಪರೂಪದ ಅದಿರು. ನಾಳೆ ಹೇಳಿದರಾಯಿತು ಎಂದುಕೊಂಡ. "ಒಂದು ಸುತ್ತಿಗೇನಾಗುತ್ತೆ, ಹೋಗಿ" ಎಂದು ಭುಜ ತಟ್ಟಿ ತನ್ನ ಕುರ್ಚಿಗೆ ಬಂದು ಕೂತ.

ಇಷ್ಟೇ ಆಗಿದ್ದರೆ ಸೋಮಾರಿತನ ಎನ್ನಬಹುದಿತ್ತು. ಆಮೇಲಾದದ್ದಕ್ಕೆ ಅಷ್ಟು ಸಣ್ಣ ಹೆಸರು ಸಾಲದು.

ಗಣಿಯಿಂದ ಹೊರಟರೆ ಎರಡು ದಾರಿ. ಒಂದು 'ಗಂಟಲು': ಕಲ್ಲುಬಂಡೆಗಳ ಪಟ್ಟಿಯ ನಡುವಿನ ಕಿರಿದಾದ ಸಂದಿ, ಒಂದೇ ಜಿಗಿತ. ಇನ್ನೊಂದು 'ಸುತ್ತು': ಐದು ಜಿಗಿತ, ದುಪ್ಪಟ್ಟು ಇಂಧನ, ಆದರೆ ಬಯಲು. ಗಂಟಲಿನಲ್ಲಿ ದರೋಡೆಕೋರರು ಕಾಯುತ್ತಾರೆ. ಆ ದರೋಡೆಕೋರರು ಯಾರೋ ದೂರದವರಲ್ಲ, ಎದುರು ಸಾಲಿನಲ್ಲೇ ಕೂತವರು. ಬೇರೊಂದು ದೋಣಿಯ ಮೂವರು, ಅವರ ನಾಯಕನಿಗೆ ಎಲ್ಲರೂ ಕರೆಯುವ ಹೆಸರು ಪೋತಾ. ಪೋತಾ ಅಂದರೆ ಹತ್ತು ಕೈಗಳ ದೊಡ್ಡ ಮಾಣಕಿ ಮೀನು. ಕೈ ಉದ್ದ, ಸಿಕ್ಕಿದ್ದನ್ನು ಬಿಡುವುದಿಲ್ಲ.

ಸಮುದ್ರದಲ್ಲಿ ರೇಡಿಯೋ ಇರುವುದೇ ಸುಳ್ಳು ಹೇಳುವುದಕ್ಕೆ. ಬಲೆ ತುಂಬ ಮೀನು ಎತ್ತುತ್ತಾ ದೋಣಿ ನಡೆಸುವ ಪತ್ರೋನ್ "ಇಲ್ಲೇನೂ ಇಲ್ಲಪ್ಪಾ, ದಕ್ಷಿಣಕ್ಕೆ ಹೋಗ್ತಾ ಇದೀನಿ" ಎಂದು ಸಂಕಟದ ದನಿ ತೆಗೆಯುತ್ತಾನೆ. ಬೇರೆ ದೋಣಿಯವರು ಅದನ್ನು ತಿರುಗಿಸಿ ಕೇಳಿಸಿಕೊಳ್ಳುತ್ತಾರೆ, ಅವರು ತಿರುಗಿಸುತ್ತಾರೆಂದು ಗೊತ್ತಿದ್ದು ಪತ್ರೋನ್ ಒಮ್ಮೊಮ್ಮೆ ನಿಜವನ್ನೇ ಹೇಳಿಬಿಡುತ್ತಾನೆ. ಡೆಕ್ಕಿನ ಮೇಲಿನ ಎಲ್ಲರಿಗೂ ಇದು ತಾಯಿಯ ಹಾಲಿನಷ್ಟು ಪರಿಚಯ. ಚಾಳಿ ಆಟಕ್ಕೂ ಬಂದಿತ್ತು. ಎಲ್ಲರಿಗೂ ಕೇಳುವ ಬಯಲು ಚಾನೆಲ್ಲಿನಲ್ಲಿ ಸುಳ್ಳು, ದೋಣಿಯವರ ಒಳ ಚಾನೆಲ್ಲಿನಲ್ಲಿ ನಿಜ.

ಎದಿಲ್ಬೆರ್ತೊ ಮೈಕು ಬಾಯಿಗೆ ಹತ್ತಿರ ಎಳೆದುಕೊಂಡು ಬಯಲು ಚಾನೆಲ್ಲಿನಲ್ಲಿ ಹೇಳಿದ: "ಗಂಟಲು ಖಾಲಿ ಇದೆ ಕಣ್ರೋ. ಒಂದು ನರಪಿಳ್ಳೆ ಇಲ್ಲ. ನಾನು ತುಂಬ್ಕೊಂಡು ಆ ಕಡೆಯಿಂದ್ಲೇ ಹೋಗ್ತಾ ಇದೀನಿ."

ಹೇಳಿ ಸುತ್ತು ದಾರಿ ಹಿಡಿದ. ಎದುರು ಸಾಲಿನಲ್ಲಿ ಪೋತಾನ ಕುರ್ಚಿ ಕಿರ್ರೆಂದಿತು. ಈ ಸಲ ನಿಜವೆಂದೇ ನಂಬಿ ನಾಯಿಗಳು ಮೂಳೆಗೆ ಹೊರಟವು ಎಂದು ಎದಿಲ್ಬೆರ್ತೊ ಒಳಗೊಳಗೇ ನಕ್ಕ.

ಆಗ ನಕ್ಷೆಯಲ್ಲಿ ಒಂದು ಹಸಿರು ಚುಕ್ಕೆ ತಿರುಗಿತು. 'ಲಾ ಓಲ್ಯಾ'. ಗಂಟಲಿನ ಕಡೆಗೆ.

ನಿಕಾನೋರ್ ಮೂವತ್ತು ವರ್ಷ ದೋಣಿಯಲ್ಲಿದ್ದವನು, ಆದರೆ ಒಲೆಯ ಮುಂದೆ. ರೇಡಿಯೋ ಇರುವ ಕೋಣೆಗೆ ಅವನು ಹೋದದ್ದು ಕಾಫಿ ಕೊಡಲಷ್ಟೇ. ರೇಡಿಯೋದ ಮಾತನ್ನು ತಿರುಗಿಸಿ ಕೇಳಬೇಕೆಂದು ಅವನಿಗೆ ಯಾರು ಹೇಳಿದ್ದರು? ಒಳ ಚಾನೆಲ್ ತೆರೆಯುವುದನ್ನೂ ಎದಿಲ್ಬೆರ್ತೊ ಅವನಿಗೆ ಇನ್ನೂ ಕಲಿಸಿರಲಿಲ್ಲ. ಅದೂ ನಾಳೆಯ ಪಟ್ಟಿಯಲ್ಲಿತ್ತು. ಕಂಪಾದ್ರೆ ಖಾಲಿ ಇದೆ ಎಂದ, ಮುದುಕ ಹೊರಟ.

ನಡುವೆ ಮೂರು ಕುರ್ಚಿ. ಅಷ್ಟೇ. ಮುದುಕನ ಕಿವಿಯ ಮೇಲೆ ಹೆಡ್‌ಫೋನು, ಕೂಗಿದರೆ ಕೇಳದು. ಎದ್ದು ಹೋಗಿ ಭುಜ ಮುಟ್ಟಿದ್ದರೆ ಸಾಕಿತ್ತು. ಆದರೆ ಎದ್ದರೆ ಪೋತಾ ನೋಡುತ್ತಾನೆ. ನೋಡಿದರೆ ತಿಳಿಯುತ್ತದೆ. ತಿಳಿದರೆ ಅವನ ಮೂರು ಹಗುರ ಹಡಗುಗಳು ಸುತ್ತು ದಾರಿಗೆ ಜಿಗಿದು ಬರುತ್ತವೆ, ಇನ್ನೂರು ಟನ್ ಅದಿರು ಹೋಗುತ್ತದೆ. ಎದಿಲ್ಬೆರ್ತೊ ಚುಕ್ಕೆಯನ್ನು ನೋಡಿದ. ಮುದುಕನ ಬೆನ್ನನ್ನು ನೋಡಿದ. ಮುದುಕ ಹಾಡು ಗುನುಗುತ್ತಾ ಕಾಲು ಅಲ್ಲಾಡಿಸುತ್ತಿದ್ದ. ಎದಿಲ್ಬೆರ್ತೊ ಮತ್ತೆ ತನ್ನ ಪರದೆಗೆ ತಿರುಗಿ ಎರಡನೇ ಜಿಗಿತದ ಗುಂಡಿ ಒತ್ತಿದ.

ಕವಚವಿಲ್ಲದ ಎಂಬತ್ತು ಟನ್ನಿನ ಪಾತ್ರೆ ಒಡೆಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಪೋತಾ "ಅಯ್ಯೋ ಇದು ಅವನದ್ದಲ್ವಲ್ಲೋ!" ಎಂದದ್ದು, ಆಮೇಲೆ "ಇರ್ಲಿ ಬಿಡು, ಇದೂ ಆಗುತ್ತೆ" ಎಂದದ್ದು ಎಲ್ಲರಿಗೂ ಕೇಳಿಸಿತು. ನಿಕಾನೋರ್ ಹೆಡ್‌ಫೋನು ತೆಗೆದು ಮಡಿಲಲ್ಲಿಟ್ಟುಕೊಂಡ. ಪರದೆಯ ಮೇಲೆ ಎರಡು ಸಾಲು: ಇಷ್ಟು ಕಟ್ಟಿ ಹಡಗು ಪಡೆಯಿರಿ, ಇಲ್ಲವೇ ಪುಕ್ಕಟೆಯಾಗಿ ಮೊದಲ ಹಡಗು. ಮೊದಲ ಸಾಲು ಮಸುಕಾಗಿತ್ತು. ಕಟ್ಟಲು ಅವನ ಹತ್ತಿರ ಏನೂ ಇರಲಿಲ್ಲ.

"ಎಂಟು ಟನ್ನು," ಎಂದ ಮುದುಕ, ಯಾರಿಗೆ ಎಂದಲ್ಲ. ಆಮೇಲೆ ಕಂಪಾದ್ರೆಯ ಕಡೆ ತಿರುಗಿ, ಕ್ಷಮೆ ಕೇಳುವವನ ಹಾಗೆ, "ನೀನು ಖಾಲಿ ಇದೆ ಅಂದಾಗ್ಲೇ ಹೋಗ್ಬೇಕಿತ್ತು. ನಾನೇ ತಡ ಮಾಡ್ದೆ. ಅಷ್ಟರಲ್ಲಿ ಬಂದ್ಬಿಟ್ಟಿದಾರೆ ಕಳ್ಳ ನನ್ಮಕ್ಳು."

ಎದಿಲ್ಬೆರ್ತೊ ತನ್ನ ಪರದೆಗೆ ತಿರುಗಿ ಉಳಿದ ಜಿಗಿತ ಮುಗಿಸಿದ. ಅದಿರು ಆ ದಿನ ಎಂದಿಲ್ಲದ ಬೆಲೆಗೆ ಹೋಯಿತು.

ಅಂದಿನಿಂದ ಅವನಿಗೆ ಊಟ ರುಚಿಸಲಿಲ್ಲ. ಬರಿಯ ಆಟ ಎಂದು ತನಗೆ ತಾನೇ ಹೇಳಿಕೊಂಡ. ಬರಿಯ ಆಟವಾದರೆ ಯಾಕೆ ಮಗಳ ಮುಖ ನೋಡಲಾಗುತ್ತಿಲ್ಲ? ಎರಡು ತಿಂಗಳು ಕೂತು ಕೂತು ಸೊಂಟ ಹಿಡಿದುಕೊಂಡ ಮುದುಕ ಬರಿಯ ಆಟವೇ? ಭಾನುವಾರ ನಿಕಾನೋರ್ ಮನೆಗೆ ಕರೆದು ಚಿಲ್ಕಾನೊ ಸಾರು ಬಡಿಸಿದ. ಮೀನಿನ ತಲೆ ಯಾವಾಗಲೂ ಕಂಪಾದ್ರೆಯ ಬಟ್ಟಲಿಗೆ, ಅದು ಅವನ ಪದ್ಧತಿ. ಆ ದಿನವೂ ಹಾಕಿದ. ತಲೆಯ ಬಿಳಿಗಣ್ಣು ಸಾರಿನೊಳಗಿಂದ ಎದಿಲ್ಬೆರ್ತೊನನ್ನೇ ನೋಡುತ್ತಿತ್ತು. ಅವನು ಹೊಟ್ಟೆ ಸರಿಯಿಲ್ಲ ಎಂದ.

"ಅದಿರಿನ ದುಡ್ಡು ಜಾಸ್ತಿಯಾಗಿ ಅಜೀರ್ಣ," ಎಂದು ಮುದುಕ ನಕ್ಕ. ಅದರಲ್ಲಿ ಕುಟುಕು ಇರಲಿಲ್ಲ. ಇದ್ದಿದ್ದರೆ ಎಷ್ಟೋ ಸಲೀಸಾಗುತ್ತಿತ್ತು.

ಮರುವಾರ ಫ್ಲೋರ್ಮಿರಾಳ ಅಂಗಡಿಗೆ ಬಲೆ ಹೊಲಿಯುವ ಇಬ್ಬರು ಹೆಂಗಸರು ಬಂದರು, ಎರ್ಮೆಲಿಂದಾ ಮತ್ತು ಅವಳ ಅತ್ತಿಗೆ. ನಿಷೇಧದಲ್ಲಿ ಅವರಿಗೂ ಕೆಲಸವಿಲ್ಲ. ತಾವೂ ಹಡಗು ನಡೆಸುತ್ತೇವೆಂದರು.

"ಹೊಸಬರಾ? ದೋನ್ ನಿಕಾನೋರ್ ನೋಟ್‌ಬುಕ್ ಓದಿಸ್ಕೊಳ್ಳಿ," ಎಂದಳು ಫ್ಲೋರ್ಮಿರಾ. "ಇವರೆಲ್ಲ ಆರು ವರ್ಷದಿಂದ ಆಡ್ತಾವ್ರೆ, ಒಬ್ಬನೂ ಒಂದಕ್ಷರ ಬರೆದಿಟ್ಟಿಲ್ಲ."

ಮುದುಕ ಹಿಗ್ಗಿದ. ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದ, ಹತ್ತಿರದ ಅಕ್ಷರ ಕಾಣದು. ನೋಟ್‌ಬುಕ್ಕು ಎದಿಲ್ಬೆರ್ತೊನ ಕೈಗೆ ಕೊಟ್ಟು, "ನೀನೇ ಓದು ಕಂಪಾದ್ರೆ, ಗಟ್ಟಿಯಾಗಿ. ಹೇಗಿದ್ರೂ ಎಲ್ಲಾ ನೀನು ಕಲಿಸಿದ್ದೇ ತಾನೇ," ಎಂದ.

ಎದಿಲ್ಬೆರ್ತೊ ಓದಿದ. ಎಣ್ಣೆಯ ಕಲೆ ಬಿದ್ದ ಹಾಳೆ, ಅಡುಗೆ ಹೇಳುವ ಧಾಟಿ. "ಖಾಲಿ ಹೋಗಬೇಡ, ಖಾಲಿ ಬರಬೇಡ. ತುಂಬುವ ಮೊದಲು ಇಂಧನ ನೋಡು, ತುಂಬಿದ ಮೇಲೆ ಇನ್ನೊಮ್ಮೆ ನೋಡು. ಮೊದಲು ಎಂಜಿನ್, ಆಮೇಲೆ ಹೊಟ್ಟೆ. ಬೆಲೆಪಟ್ಟಿಯಲ್ಲಿ ಬೆಲೆ ಎಷ್ಟು ಅಂತ ಮಾತ್ರ ಅಲ್ಲ, ಎಷ್ಟು ಟನ್ ಬೇಕು ಅಂತಲೂ ನೋಡು, ಹತ್ತು ಟನ್ ಬೇಕಾದ ಕಡೆ ಎಂಬತ್ತು ಒಯ್ಯಬೇಡ." ಹೆಂಗಸರು ತಲೆಯಾಡಿಸುತ್ತಾ ಕೇಳಿದರು. ಎದುರು ಸಾಲಿನಲ್ಲಿ ಪೋತಾ ಕೂಡ ಹೆಡ್‌ಫೋನು ಕುತ್ತಿಗೆಗೆ ಇಳಿಸಿಕೊಂಡು ಕೇಳುತ್ತಿದ್ದ.

ಪುಟ ತಿರುಗಿಸಿದ. ಕೊನೆಯ ಪಾಠದ ಅಕ್ಷರ ಉಳಿದವಕ್ಕಿಂತ ದೊಡ್ಡದಾಗಿತ್ತು, ಕೆಳಗೆ ಎರಡು ಗೆರೆ.

"ನನ್ನ ಪಾತ್ರೆ ಒಡೆದದ್ದು ನನ್ನ ತಪ್ಪಿನಿಂದ. ಕಂಪಾದ್ರೆ ದಾರಿ ಖಾಲಿ ಇದೆ ಅಂದ, ನಾನು ಹಿಂದೆಮುಂದೆ ನೋಡಿ ತಡ ಮಾಡಿದೆ. ಎದಿಲ್ಬೆರ್ತೊ ರೇಡಿಯೋದಲ್ಲಿ ಖಾಲಿ ಅಂದರೆ ಆ ಕ್ಷಣವೇ ಹೊರಡು. ಅವನ ಮಾತು..."

ಅವನು ಹಾಳೆಯಿಂದ ಕಣ್ಣೆತ್ತಿದ.

"ಯಾಕೆ, ನನ್ನ ಅಕ್ಷರ ಅಷ್ಟು ಕೆಟ್ಟದಾಗಿದ್ಯಾ?" ಎಂದ ನಿಕಾನೋರ್. "ಅವನ ಮಾತು ನಂಬಬಹುದು, ಅಂತ ಇದೆ. ಓದಿ ಮುಗಿಸು."

ಎರ್ಮೆಲಿಂದಾ ತನ್ನ ಕೈಚೀಲದಿಂದ ಒಂದು ಚೀಟಿ ತೆಗೆದು ಬರೆದುಕೊಳ್ಳುತ್ತಿದ್ದಳು: ಎದಿಲ್ಬೆರ್ತೊ ಖಾಲಿ ಅಂದರೆ ಹೊರಡು. ಎದಿಲ್ಬೆರ್ತೊ ಅದನ್ನು ನೋಡಿದ. ಇವನ ಸುಳ್ಳು ಈಗ ಪಾಠವಾಗಿ ಇನ್ನೊಬ್ಬರ ಕೈಚೀಲಕ್ಕೆ ಹೋಗುತ್ತಿತ್ತು.

"ಈ ಪಾಠ ಸುಳ್ಳು," ಎಂದ ಎದಿಲ್ಬೆರ್ತೊ. "ಬರ್ಕೋಬೇಡಿ ಅಕ್ಕ."

"ಏನು ಸುಳ್ಳು?"

"ನೀವು ತಡ ಮಾಡ್ಲಿಲ್ಲ, ಕಂಪಾದ್ರೆ. ಗಂಟಲಿನ ಮಾತೇ ಸುಳ್ಳು. ಪೋತಾ ಅಲ್ಲಿಗೆ ಹೋಗ್ಲಿ ಅಂತಾನೇ ನಾನು ಹಾಗಂದೆ. ನಾನು ಸುತ್ತು ದಾರೀಲಿದ್ದೆ."

ಪೋತಾ ನಗಲು ಬಾಯಿ ತೆರೆದವನು ಮುಚ್ಚಿಕೊಂಡ.

ನಿಕಾನೋರ್ ಕಂಪಾದ್ರೆಗೆ ಒಂದು ದಾರಿ ಹುಡುಕಿಕೊಡುವವನ ಹಾಗೆ ಮೆಲ್ಲಗೆ ಕೇಳಿದ: "ನಾನು ಆ ಕಡೆ ತಿರುಗಿದ್ದು ನಿಂಗೆ ಗೊತ್ತಾಗ್ಲಿಲ್ಲ, ಅಲ್ವಾ?"

ಇಲ್ಲ ಎನ್ನಬಹುದಿತ್ತು. ಇಡೀ ಅಂಗಡಿ ನಂಬುತ್ತಿತ್ತು.

"ನೋಡ್ದೆ."

"ನೋಡಿ?"

"ಸುಮ್ನಿದ್ದೆ. ಎದ್ರೆ ಇವ್ರಿಗೆ ಗೊತ್ತಾಗುತ್ತೆ ಅಂತ. ಅದಿರು ಇತ್ತಲ್ಲ." ಅವನ ದನಿ ಇಳಿಯಿತು. "ದುಡ್ಡು ಎತ್ತಿಟ್ಕೊಳ್ಳಿ ಅಂತಾನೂ ಹೇಳ್ಲಿಲ್ಲ ನಾನು. ಅವತ್ತು ಬೆಳಗ್ಗೇನೇ ಗೊತ್ತಿತ್ತು ನಿಮ್ಹತ್ರ ಏನೂ ಉಳಿದಿಲ್ಲ ಅಂತ. ತಪ್ಪಾಯ್ತು, ಕಂಪಾದ್ರೆ."

ಮುದುಕ ನಾಲ್ಕನೇ ಕುರ್ಚಿಯಿಂದ ಎಂಟನೇ ಕುರ್ಚಿಯವರೆಗೆ ಒಮ್ಮೆ ಕಣ್ಣು ಹಾಯಿಸಿದ. ಅಳೆಯುವವನ ಹಾಗೆ. ಆಮೇಲೆ ನೋಟ್‌ಬುಕ್ಕು ಇಸಿದುಕೊಂಡು, ಫ್ಲೋರ್ಮಿರಾಳ ಪೆನ್ನು ಕೇಳಿ, ಕಣ್ಣು ಕಿರಿದಾಗಿಸಿ ಆ ಪಾಠವನ್ನು ಹೊಡೆದುಹಾಕಿದ. ಕೆಳಗೆ ಏನೋ ಬರೆದ. ಬರೆದದ್ದನ್ನು ಯಾರಿಗೂ ತೋರಿಸದೆ ಬಗಲಿಗೆ ಸಿಕ್ಕಿಸಿಕೊಂಡು ಮನೆಗೆ ಹೋದ.

ಎರಡು ದಿನ ಎಂಟನೇ ಕುರ್ಚಿ ಖಾಲಿ. ಬೇರೆ ಯಾರೂ ಅದರಲ್ಲಿ ಕೂರಲಿಲ್ಲ. ಎದಿಲ್ಬೆರ್ತೊ ಮನೆಯ ಹತ್ತಿರ ಹೋಗಿ ಬಾಗಿಲು ತಟ್ಟದೆ ವಾಪಸ್ ಬಂದ, ಎರಡು ಸಲ. ತನ್ನ ಸಂಪಾದನೆಯಲ್ಲಿ ಇನ್ನೊಂದು 'ಲಾ ಓಲ್ಯಾ' ಕೊಡಿಸಿದರೆ ಹೇಗೆ ಎಂದು ಯೋಚಿಸಿದ. ಒಂದು ಗಂಟೆಯ ಕೆಲಸ ಅದು. ಯೋಚಿಸಿದಷ್ಟೂ ಮುಜುಗರವಾಯಿತು. ಎರಡು ತಿಂಗಳು ಇರುವೆಯ ಹಾಗೆ ಹೊತ್ತದ್ದನ್ನು ಒಂದು ಗಂಟೆಯಲ್ಲಿ ಎಸೆದು ಕೊಟ್ಟರೆ ಅದು ಇನ್ನೊಂದು ಅವಮಾನ.

ಮೂರನೆಯ ದಿನ ಮುದುಕ ಬಂದ. ಎಲ್ಲರಿಗೂ ನಮಸ್ಕಾರ ಹೇಳಿದ, ಎದಿಲ್ಬೆರ್ತೊನಿಗೂ, ಎಲ್ಲರಿಗೆ ಹೇಳಿದಷ್ಟೇ. ಕೂತು ಹೆಡ್‌ಫೋನು ಹಾಕಿಕೊಂಡ. ಎಂಟು ಟನ್ ಬಿಡಿಭಾಗ ತುಂಬಿದ. ಆ ದಿನ ಬೇಸಾಯದ ಗ್ರಹದಲ್ಲಿ ಯಂತ್ರ ಕೆಟ್ಟು ಬೆಲೆ ಮೂರು ಪಟ್ಟು ಏರಿತ್ತು. ಆದರೆ ಬೇಗ ಮುಟ್ಟಿದವರಿಗಷ್ಟೇ. ಗಂಟಲು ಒಂದು ಜಿಗಿತ, ಸುತ್ತು ಐದು. ಅವನ ಹತ್ತಿರ ಇದ್ದದ್ದೆಲ್ಲ ಆ ಎಂಟು ಟನ್ನಿನಲ್ಲೇ ಇತ್ತು.

ಎದಿಲ್ಬೆರ್ತೊ ಸುತ್ತು ದಾರಿಯಲ್ಲಿ ಮೂರನೇ ಜಿಗಿತ ಮುಗಿಸಿ ಎಂಜಿನ್ ತಣಿಯಲು ಕಾಯುತ್ತಿದ್ದ, ಇನ್ನೂರು ಟನ್ ಬಿಡಿಭಾಗದೊಡನೆ. ನಕ್ಷೆಯಲ್ಲಿ ಮುದುಕನ ಚುಕ್ಕೆ ನಿಲ್ದಾಣದಿಂದ ಹೊರಬಂತು. ಗಂಟಲಿನ ಬಾಯಲ್ಲಿ ಪೋತಾನ ಮೂರು ಹಡಗುಗಳು ದೀಪ ಆರಿಸಿಕೊಂಡು ಕೂತಿರುವುದು ಅವನಿಗೆ ಗೊತ್ತಿತ್ತು, ಬರುವಾಗಲೇ ಕಂಡಿದ್ದ. ಬಯಲು ಚಾನೆಲ್ ಒತ್ತಿದ. ಆರು ವರ್ಷದಲ್ಲಿ ಮೊದಲ ಸಲ ಅದರಲ್ಲಿ ನಿಜ ಹೇಳಿದ.

"ಕಂಪಾದ್ರೆ, ಗಂಟಲಲ್ಲಿ ಪೋತಾ ಇದಾನೆ. ಮೂರು ಹಡಗು. ಅಲ್ಲಿಗೆ ಹೋಗ್ಬೇಡಿ. ನಾನು ಸುತ್ತು ದಾರೀಲಿ, ಮೂರನೇ ಜಿಗಿತದಲ್ಲಿದೀನಿ, ಇನ್ನೂರು ಟನ್ ತುಂಬ್ಕೊಂಡು."

ಎದುರು ಸಾಲಿನಿಂದ ಗೊಳ್ಳನೆ ನಗು, ಮೈಕಿಲ್ಲದೆ; ಎರಡೂ ಕಿವಿ ಮುಚ್ಚಿಕೊಂಡ ಮುದುಕನಿಗೆ ಕೇಳದು. "ಕೇಳಿದ್ರಾ! ಸುತ್ತು ದಾರೀಲಿದಾನಂತೆ! ಒಂದು ಸಲ ಹೀಗೇ ನಮ್ಮ ಕಣ್ಣಿಗೆ ಮಣ್ಣೆರಚಿದ್ಯಲ್ಲೋ ಸುಳ್ಳಾ. ಗಂಟಲಿಗೇ ಬರ್ತಾ ಇದೀಯ ನೀನು. ಬಾ, ಕಾಯ್ತಾ ಇದೀವಿ." ಯಾರೂ ಕದಲಲಿಲ್ಲ.

ಕದಲಿದ್ದು ಹಸಿರು ಚುಕ್ಕೆ ಒಂದೇ. ಗಂಟಲಿನ ಕಡೆಗೆ.

ಎದಿಲ್ಬೆರ್ತೊಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಹೊಡೆದುಹಾಕಿದ ಪಾಠದ ಕೆಳಗೆ ಮುದುಕ ಏನು ಬರೆದಿದ್ದನೆಂದು ಈಗ ನೋಟ್‌ಬುಕ್ಕು ತೆರೆಯದೆಯೇ ಗೊತ್ತಾಯಿತು. ರೇಡಿಯೋದಲ್ಲಿ ಹೇಳಿದ್ದನ್ನು ತಿರುಗಿಸಿ ಕೇಳು. ಖಾಲಿ ಅಂದರೆ ಇದ್ದಾರೆ, ಇದ್ದಾರೆ ಅಂದರೆ ಖಾಲಿ. ಕೊನೆಗೂ ಮುದುಕ ಕಲಿತಿದ್ದ. ಕಲಿಸಿದವನು ಇವನೇ.

ಮತ್ತೆ ಮೈಕು ಒತ್ತಿ ಏನು ಹೇಳುವುದು? ನಿಜವೆಂದರೆ ಸುಳ್ಳು, ಆಣೆಯಿಟ್ಟರೆ ಇನ್ನೂ ದೊಡ್ಡ ಸುಳ್ಳು. ಅವನ ಬಾಯಿಯಿಂದ ಬರುವ ಯಾವ ಮಾತಿಗೂ ಈಗ ತೂಕ ಉಳಿದಿರಲಿಲ್ಲ.

ಹೆಡ್‌ಫೋನು ಕಿತ್ತಿಟ್ಟು ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು. ಪೋತಾ ತಲೆಯೆತ್ತಿ ನೋಡಿದ. ಎದಿಲ್ಬೆರ್ತೊ ಐದು, ಆರು, ಏಳನೇ ಕುರ್ಚಿಗಳ ಹಿಂದಿನಿಂದ ಹೋಗಿ ಮುದುಕನ ಭುಜದ ಮೇಲೆ ಕೈಯಿಟ್ಟ.

ನಿಕಾನೋರ್ ಒಂದು ಕಿವಿಯ ಹೆಡ್‌ಫೋನು ಸರಿಸಿದ. ಕಂಪಾದ್ರೆಯ ಮುಖ ನೋಡಿದ, ನಾಲ್ಕನೇ ಕುರ್ಚಿ ನೆಲಕ್ಕೆ ಬಿದ್ದಿರುವುದನ್ನು ನೋಡಿದ.

"ನಿಜವಾಗ್ಲೂ ಇದಾರಾ?"

"ಇದಾರೆ."

ಹಿಂದಿನಿಂದ ಪೋತಾನ ಕೂಗು: "ಲೋ, ನಿಜಾನೇ ಹೇಳಿದಾನೆ ಕಣ್ರೋ! ಸುತ್ತು ದಾರಿಗೆ ನಡೀರಿ, ಮೂರನೇ ಜಿಗಿತ, ಬೇಗ!" ಮೂವರ ಬೆರಳುಗಳು ಪಟಪಟ ಓಡಿದವು. ಎದಿಲ್ಬೆರ್ತೊ ತಿರುಗಿ ನೋಡಲಿಲ್ಲ. ನಡೆಸುವವರಿಲ್ಲದ ಅವನ ಹಡಗಿನಿಂದ ಅಪಾಯದ ಗಂಟೆ ಮೇಜಿನ ಮೇಲಿಟ್ಟ ಹೆಡ್‌ಫೋನಿನಲ್ಲಿ ಸಣ್ಣಗೆ ಕೇಳುತ್ತಿತ್ತು.

"ಹೋಗು," ಎಂದ ಮುದುಕ. "ನಿನ್ನ ಹಡಗು."

"ಇರ್ಲಿ ಬಿಡಿ. ಪಾಲು ಎತ್ತಿಟ್ಟಿದೀನಿ. ಸರಕು ಹೋಗುತ್ತೆ, ಹಡಗು ನಂಗೆ ವಾಪಸ್ ಬರುತ್ತೆ."

ಹೇಳಿದ ಮೇಲೆ ಅವನಿಗೆ ತಾನು ಹೇಳಿದ್ದು ಕೇಳಿಸಿತು. ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಿದ್ದೇನೆ ಎಂದುಕೊಂಡಿದ್ದ. ಅದಕ್ಕೂ ಮೊದಲೇ ವಿಮೆ ಮಾಡಿಸಿಟ್ಟಿದ್ದ.

"ಹೂಂ," ಎಂದ ನಿಕಾನೋರ್. "ನಂಗೆ ಬರ್ಲಿಲ್ಲ."

"ಇಲ್ಲ. ಬರ್ಲಿಲ್ಲ."

ಗಂಟಲು ಈಗ ನಿಜವಾಗಿಯೂ ಖಾಲಿಯಾಗಿತ್ತು. ಕಳ್ಳರೆಲ್ಲ ಇನ್ನೂರು ಟನ್ನಿನ ಹಿಂದೆ ಹೋಗಿದ್ದರು. ಮುದುಕ ನಕ್ಷೆ ನೋಡಿ, ಕಂಪಾದ್ರೆಯ ಮುಖವನ್ನು ಇನ್ನೊಮ್ಮೆ ನೋಡಿ, ತನ್ನ ಎಂಟು ಟನ್ನನ್ನು ನಿಧಾನವಾಗಿ ಒಳಗೆ ಬಿಟ್ಟ. ಬಂಡೆಗಳ ನಡುವಿನಿಂದ ಪುಟ್ಟ ಹಡಗು ಹಾದು ಆಚೆ ಬಂತು. ಸರಕು ಇಳಿಸಿದ, ಮೂರು ಪಟ್ಟು ಬೆಲೆ ಬಂತು. ಅದರಲ್ಲಿ ಒಂದು ಪಾಲು ಮೊದಲು ಬೇರೆ ಎತ್ತಿಟ್ಟ. ಆಮೇಲೆ ಧಾನ್ಯ ಕೊಂಡ. ಇವನಿಗೆ ಥ್ಯಾಂಕ್ಸ್ ಹೇಳಲಿಲ್ಲ, ಕೂರು ಎನ್ನಲಿಲ್ಲ, ಭುಜದ ಮೇಲಿನ ಕೈಯನ್ನು ಸರಿಸಲೂ ಇಲ್ಲ.

ಎದಿಲ್ಬೆರ್ತೊ ತನ್ನ ಜಾಗಕ್ಕೆ ಮರಳಿದ. ಹೋಗುತ್ತಾ ಎಣಿಸಿದ. ನಾಲ್ಕು ಹೆಜ್ಜೆ. ಅವತ್ತೂ ನಾಲ್ಕೇ ಇತ್ತು.